ಎಂಟಕ್ಕೆ ಏಳಡಿ ರೂಮು, ಹತ್ತು ಕೇಜಿ ಗ್ಯಾಸು

ಪ್ರಶ್ನೆ: "ಮೈಸೂರಿನಲ್ಲಿ ಎರಡು ಮಹಡಿಯ ಮನೆ ಕಟ್ಟಿಸಿದ್ದೇವೆ. ಟೆರೇಸಿನಲ್ಲಿ ಒಂದೇ 8 ಎಚ್‌ಪಿ ಔಟ್‌ಡೋರ್, ಒಳಗೆ ಏಳು ಇನ್‌ಡೋರ್. ಗ್ಯಾಸ್ ಆರ್-410ಎ. ಕೆಳಗಿನ 8x7 ಅಡಿಯ ಸ್ಟಡಿ ರೂಮನ್ನು ಈಗ ಮಾವನವರಿಗೆ ಮಲಗಲು ಕೊಟ್ಟಿದ್ದೇವೆ. ಅವರಿಗೆ 78 ವರ್ಷ, ಮಂಡಿನೋವು. ರಾತ್ರಿ ಕಿವಿಯ ಮಿಷನ್ ತೆಗೆದಿಟ್ಟು ಮಲಗುತ್ತಾರೆ. ಲೀಕ್ ಆದರೆ ನಿದ್ದೆಯಲ್ಲೇ ಪ್ರಾಣ ಹೋಗುತ್ತೆ ಅಂತ ನೆಂಟರೊಬ್ಬರು ಹೆದರಿಸಿದರು. ಎಸಿ ಹಾಕಿದವರು 'ಇದು ವಿಷ ಅಲ್ಲ ಮೇಡಂ, ಬೇಕಿದ್ರೆ ಒಂದು ಲೀಕ್ ಡಿಟೆಕ್ಟರ್ ಹಾಕೋಣ' ಅಂದರು. ಯಾರ ಮಾತು ನಂಬೋದು? ಡಿಟೆಕ್ಟರ್ ಸಾಕಾ? ಔಟ್‌ಡೋರ್ ಸ್ಟಿಕ್ಕರಿನ ಫೋಟೋ ಮತ್ತು ಪೈಪಿನ ಡ್ರಾಯಿಂಗ್ ಕಳುಹಿಸಿದ್ದೇನೆ."

ಉತ್ತರ: ಇಬ್ಬರ ಮಾತೂ ಅರ್ಧರ್ಧ ಸರಿ. ಆರ್-410ಎ ವಿಷದ ಗ್ಯಾಸ್ ಅಲ್ಲ, ಬೆಂಕಿಯೂ ಹತ್ತಿಕೊಳ್ಳುವುದಿಲ್ಲ. ಆದರೆ ಚಿಕ್ಕ ಕೋಣೆಯಲ್ಲಿ ಜಾಸ್ತಿ ತುಂಬಿಕೊಂಡರೆ ಗಾಳಿಯನ್ನು ಆಚೆ ತಳ್ಳಿ ಆ ಜಾಗದಲ್ಲಿ ತಾನು ಕೂರುತ್ತದೆ. ಉಸಿರಾಡಲು ಬೇಕಾದ ಆಮ್ಲಜನಕ ಕಡಿಮೆಯಾಗುತ್ತದೆ. ಹಾಗಾಗಿ ಗ್ಯಾಸ್ ಎಂಥದ್ದು ಅನ್ನುವುದರ ಜೊತೆಗೆ ಎಷ್ಟು ಗ್ಯಾಸು, ಎಷ್ಟು ದೊಡ್ಡ ರೂಮು ಅಂತಲೂ ಕೇಳಬೇಕು. ಇದಕ್ಕೆ ಕಾಲು ಗಂಟೆಯಲ್ಲಿ ಮುಗಿಯುವ ಲೆಕ್ಕ ಇದೆ. ಡಿಸೈನ್ ಮಾಡುವಾಗಲೇ ಆಗಬೇಕಿತ್ತು. ಮನೆಗಳ ಕೆಲಸದಲ್ಲಿ ಇದನ್ನು ಮಾಡಿದ ಕಾಗದ ನನ್ನ ಕಣ್ಣಿಗೆ ಬಿದ್ದಿರುವುದು ಬಹಳ ಕಮ್ಮಿ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸೋಣ. "ಆ ರೂಮಿಗೆ ಇರೋದು ಮುಕ್ಕಾಲು ಟನ್ ಇನ್‌ಡೋರ್, ಅದರಲ್ಲಿ ಎಷ್ಟು ಗ್ಯಾಸ್ ಇದ್ದೀತು?" ಅಂತ ಎಲ್ಲರೂ ಕೇಳುತ್ತಾರೆ. ಮಾಮೂಲಿ ಸ್ಪ್ಲಿಟ್ ಎಸಿಗೆ ಈ ಮಾತು ಸರಿ. ಅದರ ಗ್ಯಾಸು ಅದಕ್ಕಷ್ಟೇ. ನಿಮ್ಮದು ಮಲ್ಟಿ ಎಸಿ, ಅದರಲ್ಲಿ ಏಳು ಇನ್‌ಡೋರ್‌ಗಳೂ ಒಂದೇ ಕಾಪರ್ ಪೈಪ್ ಜಾಲಕ್ಕೆ ಸೇರಿವೆ. ಒಂದೇ ಓವರ್‌ಹೆಡ್ ಟ್ಯಾಂಕಿಗೆ ಏಳು ನಲ್ಲಿ ಇದ್ದ ಹಾಗೆ. ಬಚ್ಚಲಿನ ಚಿಕ್ಕ ನಲ್ಲಿ ಮುರಿದರೂ ಇಡೀ ಟ್ಯಾಂಕಿನ ನೀರು ಅಲ್ಲೇ ಹರಿಯುತ್ತದೆ, ಅಲ್ವಾ? ಅದಕ್ಕೇ ಇಡೀ ಸಿಸ್ಟಮ್ಮಿನ ಗ್ಯಾಸನ್ನು ಅತಿ ಚಿಕ್ಕ ಕೋಣೆಯ ಗಾತ್ರದಿಂದ ಭಾಗಿಸಬೇಕು. ಮನೆಯ ಒಟ್ಟು ವಿಸ್ತೀರ್ಣ ಎಷ್ಟೇ ಇರಲಿ, ಲೆಕ್ಕ ಕೂರುವುದು ಆ ಒಂದು ರೂಮಿನ ಮೇಲೆ.

ನಿಮ್ಮ ಫೋಟೋ ನೋಡಿದೆ. ನೇಮ್‌ಪ್ಲೇಟ್ ಪಕ್ಕದ ಸ್ಟಿಕ್ಕರಿನಲ್ಲಿ ಮೂರು ಖಾನೆ ಇವೆ. ಮೊದಲನೆಯದು ಫ್ಯಾಕ್ಟರಿಯಲ್ಲಿ ತುಂಬಿದ್ದು, 6.3 ಕೇಜಿ ಅಂತ ಅಚ್ಚಾಗಿದೆ. ಎರಡನೆಯದು ಸೈಟಿನಲ್ಲಿ ಹೆಚ್ಚುವರಿ ತುಂಬಿದ್ದು. ಮೂರನೆಯದು ಎರಡರ ಮೊತ್ತ. ನಿಮ್ಮ ಸ್ಟಿಕ್ಕರಿನಲ್ಲಿ ಎರಡನೆಯ, ಮೂರನೆಯ ಖಾನೆ ಖಾಲಿ ಇವೆ. ಮಾರ್ಕರ್ ಪೆನ್ನಿನಲ್ಲಿ ಎರಡು ಅಂಕಿ ಬರೆಯುವ ಕೆಲಸ ಅಷ್ಟೇ. ಅದು ಖಾಲಿ ಇದ್ದರೆ ನನಗೆ ಅನುಮಾನ ಶುರುವಾಗುತ್ತದೆ: ಗ್ಯಾಸನ್ನು ತೂಕ ಮಾಡಿ ಹಾಕಿದರೋ, ಗೇಜ್ ನೋಡಿ ಅಂದಾಜಿನಲ್ಲಿ ಹಾಕಿದರೋ? ತೂಕದ ಚೀಟಿ ಅವರ ಹತ್ತಿರ ಇದ್ದರೆ ತರಿಸಿಕೊಳ್ಳಿ. ಸದ್ಯಕ್ಕೆ ಡ್ರಾಯಿಂಗ್ ಇಟ್ಟುಕೊಂಡು ಲೆಕ್ಕ ಹಾಕೋಣ.

ಹೆಚ್ಚುವರಿ ಗ್ಯಾಸು ಲಿಕ್ವಿಡ್ ಪೈಪಿನ, ಅಂದರೆ ಸಣ್ಣ ಪೈಪಿನ ಉದ್ದದ ಮೇಲೆ ನಿಂತಿದೆ. ಒಂದು ಮೀಟರ್ ಮೂರೆಂಟು ಇಂಚಿನ ಪೈಪಿಗೆ ಸುಮಾರು 59 ಗ್ರಾಂ, ಕಾಲಿಂಚಿನ ಪೈಪಿಗೆ ಸುಮಾರು 22 ಗ್ರಾಂ ಬೇಕು. ಕಂಪನಿಯಿಂದ ಕಂಪನಿಗೆ ಇದು ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ, ನಿಮ್ಮ ಮ್ಯಾನುಯಲ್ಲಿನ ಅಂಕಿಯೇ ಅಂತಿಮ. ಡ್ರಾಯಿಂಗ್ ಪ್ರಕಾರ ಮೊದಲನೆಯದು 45 ಮೀಟರ್, ಎರಡನೆಯದು 40 ಮೀಟರ್. ಅಲ್ಲಿಗೆ 2.65 ಮತ್ತು 0.88, ಒಟ್ಟು ಸುಮಾರು 3.5 ಕೇಜಿ. ಫ್ಯಾಕ್ಟರಿಯ 6.3 ಸೇರಿಸಿದರೆ 9.8 ಕೇಜಿ.

ಇನ್ನು ರೂಮು. 8x7 ಅಡಿ ಅಂದರೆ 5.2 ಚದರ ಮೀಟರ್. ಎತ್ತರ ಎಷ್ಟು? ಇಲ್ಲಿ ಜನ ಎಡವುತ್ತಾರೆ. ಸ್ಲ್ಯಾಬ್ ತನಕ ಹತ್ತಡಿ ಇರಬಹುದು. ಆದರೆ ನಿಮ್ಮಲ್ಲಿ ಎಂಟೂವರೆ ಅಡಿಗೆ ಜಿಪ್ಸಮ್ ಫಾಲ್ಸ್ ಸೀಲಿಂಗ್ ಇದೆ. ಅದರ ಮೇಲಿನ ಜಾಗಕ್ಕೂ ರೂಮಿಗೂ ಗಾಳಿ ಓಡಾಡುವುದಿಲ್ಲ, ಹಾಗಾಗಿ ಅದು ಲೆಕ್ಕಕ್ಕೆ ಬರುವುದಿಲ್ಲ. 5.2 ಚದರ ಮೀಟರ್, 2.6 ಮೀಟರ್ ಎತ್ತರ: ಸುಮಾರು 13.5 ಘನ ಮೀಟರ್. ಗೋಡೆಗೆ ಗೋಡೆ ವಾರ್ಡ್‌ರೋಬ್ ಇದ್ದರೆ ಅದನ್ನೂ ಕಳೆಯಿರಿ.

9.8 ÷ 13.5 = 0.73 ಕೇಜಿ. ಅಂದರೆ ಎಲ್ಲಾ ಗ್ಯಾಸು ಆ ರೂಮಿಗೇ ಬಂದರೆ ಪ್ರತಿ ಘನ ಮೀಟರಿಗೆ 730 ಗ್ರಾಂ.

ಇದಕ್ಕೆ ಮಿತಿ ಎಷ್ಟು? ಎಸಿ ಕ್ಷೇತ್ರಕ್ಕೆ ನಿಯಮ ಬರೆಯುವ ಅಮೆರಿಕದ ಸಂಸ್ಥೆ ಆಶ್ರೇ, ಅದರ 34ನೇ ಮಾನದಂಡ ಕೊಡುವ ಮಿತಿ ಘನ ಮೀಟರಿಗೆ 420 ಗ್ರಾಂ. ಯುರೋಪಿನ ಕಡೆಯ ಪುಸ್ತಕಗಳಲ್ಲಿ 440 ಅಂತ ನೋಡುತ್ತೀರಿ. ಹಳೆಯ ಕೆಲವು ಜಪಾನಿ ಕಂಪನಿ ಮ್ಯಾನುಯಲ್ಲುಗಳಲ್ಲಿ 300 ಇದೆ. ಒಬ್ಬೊಬ್ಬರು ಒಂದೊಂದು ಅಂಕಿ ಹೇಳುತ್ತಾರಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ 730 ಮೂರರಲ್ಲಿ ಯಾವುದನ್ನೂ ಪಾಸ್ ಆಗುವುದಿಲ್ಲ.

420 ಎಲ್ಲಿಂದ ಬಂತು ಅಂತ ಗೊತ್ತಿದ್ದರೆ ಭಯ ಹದಕ್ಕೆ ಬರುತ್ತದೆ. ಅಷ್ಟು ಗ್ಯಾಸು ರೂಮಿನ ಗಾಳಿಯಲ್ಲಿ ಸುಮಾರು 14 ಶೇಕಡಾ ಜಾಗ ಹಿಡಿಯುತ್ತದೆ. ಆಗ ಆಮ್ಲಜನಕ 21ರಿಂದ ಸುಮಾರು 18 ಶೇಕಡಾಕ್ಕೆ ಇಳಿಯುತ್ತದೆ. ಅಲ್ಲಿಯವರೆಗೆ ಒಬ್ಬ ಆರೋಗ್ಯವಂತ ಮನುಷ್ಯ ಎದ್ದು ಆಚೆ ಹೋಗಬಲ್ಲ ಅನ್ನುವುದು ಆ ಮಿತಿಯ ಅರ್ಥ. ಅದನ್ನು ದಾಟಿದ ತಕ್ಷಣ ಸಾಯುತ್ತಾರೆ ಅಂತಲ್ಲ. 730 ಗ್ರಾಂ ಪೂರ್ತಿ ಬೆರೆತರೆ ಆಮ್ಲಜನಕ 16ರ ಆಸುಪಾಸಿಗೆ ಬರುತ್ತದೆ. ಉಸಿರು ಏರುತ್ತದೆ, ತಲೆ ಮಂಕಾಗುತ್ತದೆ, ಕೈಕಾಲು ಹೇಳಿದ ಮಾತು ಕೇಳುವುದಿಲ್ಲ. ಅದೂ ಸಮವಾಗಿ ಬೆರೆತರೆ ಮಾತ್ರ. ಈ ಗ್ಯಾಸು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ನೆಲದ ಕಡೆ, ಮಂಚದ ಮಟ್ಟದಲ್ಲಿ ಜಾಸ್ತಿ ಸೇರುತ್ತದೆ. (ಮಡಿಕೇರಿಯಂಥ ಊರಿನಲ್ಲಿ ಇದೇ ಲೆಕ್ಕ ಇನ್ನೂ ಬಿಗಿ. ಸಾವಿರ ಮೀಟರಿಗಿಂತ ಮೇಲೆ ಗಾಳಿಯೇ ತೆಳು, ಆಶ್ರೇ ಮಿತಿ 14ರಿಂದ 11.2 ಶೇಕಡಾಕ್ಕೆ ಇಳಿಯುತ್ತದೆ. ಅಲ್ಲಿ ಹೋಮ್‌ಸ್ಟೇಗೆ ಮಲ್ಟಿ ಎಸಿ ಹಾಕಿಸುವವರು ಗಮನಿಸಿ. ಮೈಸೂರಿಗೆ ಆ ಚಿಂತೆ ಇಲ್ಲ.)

ಇನ್ನೊಂದು ವಿಷಯ, ನಿಮ್ಮ ಮಟ್ಟಿಗೆ ಇದೇ ಮುಖ್ಯ. ಆಸ್ಪತ್ರೆ, ನರ್ಸಿಂಗ್ ಹೋಮ್ ಥರದ, ತಾವಾಗಿ ಎದ್ದು ಹೋಗಲಾರದವರು ಇರುವ ಜಾಗಕ್ಕೆ ಆಶ್ರೇಯ 15ನೇ ಮಾನದಂಡ ಈ ಮಿತಿಯನ್ನು ಅರ್ಧ ಮಾಡುತ್ತದೆ: 210 ಗ್ರಾಂ. ಮನೆಗೆ ಈ ನಿಯಮ ಅನ್ವಯಿಸುವುದಿಲ್ಲ. ಆದರೆ ಕಿವಿ ಕೇಳದೆ, ಮಂಡಿನೋವಿನಲ್ಲಿ ಮಲಗಿರುವ ನಿಮ್ಮ ಮಾವನವರಿಗೂ ನರ್ಸಿಂಗ್ ಹೋಮಿನಲ್ಲಿ ಇರುವವರಿಗೂ ಏನು ವ್ಯತ್ಯಾಸ? ನಾನಾದರೆ 210 ಅನ್ನೇ ಗುರಿ ಇಟ್ಟುಕೊಳ್ಳುತ್ತೇನೆ.

ಹಾಗಂತ ಈ ರಾತ್ರಿಯೇ ಏನೋ ಆಗಿಬಿಡುತ್ತದೆ ಅಂತಲ್ಲ. ನಾವು ನೋಡುವ ಲೀಕುಗಳಲ್ಲಿ ಹೆಚ್ಚಿನವು ಪೈಪಿನ ಅಗಲಿಸಿದ ತುದಿಯನ್ನು ಬಿಗಿಯುವ ಫ್ಲೇರ್ ನಟ್ಟಿನ ಹತ್ತಿರ ಜಿನುಗುವಂಥವು. ನಟ್ಟಿನ ಸುತ್ತ ಎಣ್ಣೆ ಕಲೆ, ಅದರ ಮೇಲೆ ಧೂಳು ಮೆತ್ತಿಕೊಂಡಿರುತ್ತದೆ. ವಾರಗಟ್ಟಲೆ ನಿಧಾನವಾಗಿ ಹೋಗುತ್ತದೆ, ಬಾಗಿಲು ತೆಗೆದು ಹಾಕುವಾಗಲೇ ಆಚೆ ಚದುರಿ ಹೋಗುತ್ತದೆ. ಎಸಿ ತಂಪು ಕೊಡದೇ ಇದ್ದಾಗಲೇ ಗೊತ್ತಾಗುವುದು. ಅಪಾಯ ಇರುವುದು ಒಮ್ಮೆಲೇ ಖಾಲಿಯಾಗುವ ಲೀಕಿನಲ್ಲಿ. ನಟ್ಟನ್ನು ಜಾಸ್ತಿ ಬಿಗಿದು ಫ್ಲೇರ್ ಸೀಳಿದ್ದರೆ, ಪರದೆ ರಾಡಿಗೆ ಡ್ರಿಲ್ ಹೊಡೆಯುವಾಗ ಗೋಡೆಯೊಳಗಿನ ಪೈಪಿಗೆ ತಗುಲಿದರೆ, ಫಾಲ್ಸ್ ಸೀಲಿಂಗಿನ ಸ್ಕ್ರೂ ಪೈಪಿಗೆ ಉಜ್ಜುತ್ತಾ ಇದ್ದರೆ. ಕರೆಂಟ್ ಹೋದರೆ ಲೀಕ್ ನಿಲ್ಲುತ್ತದೆ ಅನ್ನುವುದೂ ಸುಳ್ಳು. ಎಸಿ ಆಫ್ ಆಗಿದ್ದರೂ 25 ಡಿಗ್ರಿಯಲ್ಲಿ ಆ ಪೈಪಿನೊಳಗೆ 15 ಬಾರ್‌ಗೂ ಮೀರಿದ ಒತ್ತಡ ಇರುತ್ತದೆ.

ಈಗ ಏನು ಮಾಡಬಹುದು ಅನ್ನುವುದಕ್ಕೆ ಬರೋಣ.

ಎಲ್ಲಕ್ಕಿಂತ ಶುದ್ಧವಾದ ದಾರಿ, ಆ ರೂಮನ್ನು ಮಲ್ಟಿ ಸಿಸ್ಟಮ್ಮಿನಿಂದ ಬಿಡಿಸಿ ಪ್ರತ್ಯೇಕ ಸಣ್ಣ ಸ್ಪ್ಲಿಟ್ ಹಾಕುವುದು. ಈಗ ಬರುವ ಚಿಕ್ಕ ಸ್ಪ್ಲಿಟ್ಟುಗಳಲ್ಲಿ ಹೆಚ್ಚಾಗಿ ಆರ್-32 ಇರುತ್ತದೆ. ಅದು ನಿಧಾನಕ್ಕೆ ಹೊತ್ತಿಕೊಳ್ಳುವ ಜಾತಿ, ಹಾಗಾಗಿ ಮಿತಿ ತುಂಬಾ ಕಮ್ಮಿ: ಘನ ಮೀಟರಿಗೆ 77 ಗ್ರಾಂ. 650 ಗ್ರಾಂ ಗ್ಯಾಸಿನ ಯಂತ್ರ ನಿಮ್ಮ ರೂಮಿನಲ್ಲಿ 48 ಗ್ರಾಂ ಆಗುತ್ತದೆ, ಪಾಸು. ಒಂದು ಕೇಜಿಗಿಂತ ಜಾಸ್ತಿ ಇರುವ ದೊಡ್ಡ ಯಂತ್ರ ತಂದರೆ ಅದೂ 77 ಒಳಗೆ ಕೂರುವುದು ಕಷ್ಟ. ಕೊಳ್ಳುವ ಮುಂಚೆ ಮ್ಯಾನುಯಲ್ಲಿನಲ್ಲಿ ಕನಿಷ್ಠ ಎಷ್ಟು ದೊಡ್ಡ ರೂಮು ಬೇಕು ಅಂತ ಕೊಟ್ಟಿರುವ ಪಟ್ಟಿ ನೋಡಿ. ಈ ದಾರಿಯಲ್ಲಿ ಆಗುವ ಎಡವಟ್ಟು ಬೇರೆ ಥರದ್ದು. ಹಳೇ ಇನ್‌ಡೋರ್ ಬಿಚ್ಚುತ್ತಾರೆ, ಪೈಪನ್ನು ಅದೇ ರೂಮಿನ ಫಾಲ್ಸ್ ಸೀಲಿಂಗ್ ಮೇಲೆ ನಟ್ ಹಾಕಿ ಮುಚ್ಚಿ ಬಿಡುತ್ತಾರೆ. ಅಪಾಯ ಅಲ್ಲೇ ಉಳಿಯಿತು. ಪೈಪನ್ನು ಬ್ರಾಂಚ್ ಜಾಯಿಂಟಿನ ಹತ್ತಿರ, ರೂಮಿನ ಆಚೆ ಕತ್ತರಿಸಿ ಬ್ರೇಜ್ ಮಾಡಿ ಮುಚ್ಚಬೇಕು.

ಎರಡನೆಯ ದಾರಿ ಅಗ್ಗದ್ದು, ನಿಮ್ಮ ಮನೆಗೆ ಹೊಂದುತ್ತದೆ. ರೂಮಿನ ಗಾಳಿಯನ್ನು ಪಕ್ಕದ ಹಾಲಿಗೆ ಕಾಯಮ್ಮಾಗಿ ಸೇರಿಸುವುದು. ಹಾಲ್ 16x14 ಅಡಿ, ಅದೇ ಎತ್ತರಕ್ಕೆ ಸುಮಾರು 54 ಘನ ಮೀಟರ್. ರೂಮು ಸೇರಿ 67.5. ಈಗ 9.8 ಕೇಜಿಯನ್ನು ಭಾಗಿಸಿದರೆ 145 ಗ್ರಾಂ. 420 ಬಿಡಿ, 210ರ ಒಳಗೂ ಆರಾಮಾಗಿ ಬಂತು. ಆದರೆ "ಸೇರಿಸುವುದು" ಅಂದರೆ ಮುಚ್ಚಲಾಗದ ಕಿಂಡಿ ಇರಬೇಕು. ಜಪಾನಿ ಕಂಪನಿಗಳ ಮ್ಯಾನುಯಲ್ಲುಗಳಲ್ಲಿ ಬಾಗಿಲಿನ ಮೇಲೊಂದು, ಕೆಳಗೊಂದು, ತಲಾ ನೆಲದ ವಿಸ್ತೀರ್ಣದ 0.15 ಶೇಕಡಾ ಕಿಂಡಿ ಬೇಕು ಅಂತ ಇದೆ. ನಿಮ್ಮ ರೂಮಿಗೆ ಅದು ತಲಾ 78 ಚದರ ಸೆಂಟಿಮೀಟರ್. ಕೆಳಗಿನಿಂದ ಭಾರದ ಗ್ಯಾಸು ಹಾಲಿಗೆ ಹರಿಯುತ್ತದೆ, ಅಷ್ಟೇ ಗಾಳಿ ಮೇಲಿನಿಂದ ಒಳಗೆ ಬರುತ್ತದೆ. ಒಂದೇ ಇದ್ದರೆ ಈ ಓಡಾಟ ಸರಿಯಾಗಿ ಆಗುವುದಿಲ್ಲ.

78 ಅನ್ನುವುದು ಕನಿಷ್ಠ. ಬಾಗಿಲ ಕೆಳಗೆ ಒಂದು ಸೆಂಟಿಮೀಟರ್ ಸಂದು ಬಿಟ್ಟರೂ ಹೆಚ್ಚುಕಮ್ಮಿ ಅಷ್ಟಾಗುತ್ತದೆ, ಆದರೆ ಅದನ್ನು ನಂಬಿ ಕೂರಬೇಡಿ. ಆಮೇಲೆ ಯಾರೋ ಮ್ಯಾಟ್ ಹಾಕುತ್ತಾರೆ, ಇನ್ಯಾರೋ ಸೊಳ್ಳೆ ಬರುತ್ತೆ ಅಂತ ರಬ್ಬರ್ ಪಟ್ಟಿ ಅಂಟಿಸುತ್ತಾರೆ. ಒಂದಡಿ ಅಗಲ, ನಾಲ್ಕಿಂಚು ಎತ್ತರದ, ಓರೆ ಪಟ್ಟಿಗಳಿರುವ ಲೂವರ್ ಕಿಂಡಿ ಎರಡು ಹಾಕಿಸಿ, ಮೇಲೊಂದು ಕೆಳಗೊಂದು. ಪಟ್ಟಿಗಳು ಅರ್ಧ ಜಾಗ ತಿಂದರೂ ತಲಾ 150 ಚದರ ಸೆಂಟಿಮೀಟರ್ ಉಳಿಯುತ್ತದೆ. ಒಬ್ಬ ಬಡಗಿಗೆ ಅರ್ಧ ದಿನದ ಕೆಲಸ. ಹಾಲಿನ ಟೀವಿ ಸದ್ದು ಒಳಗೆ ಬರುತ್ತದೆ ಅನ್ನುವುದು ಇದರ ಬೆಲೆ. ಮಾವನವರು ಮಿಷನ್ ತೆಗೆದಿಟ್ಟು ಮಲಗುವುದರಿಂದ ಬಹುಶಃ ಅವರಿಗೆ ತೊಂದರೆ ಆಗಲಿಕ್ಕಿಲ್ಲ!

ಮೂರನೆಯದಾಗಿ, ಸಿಸ್ಟಮ್ಮನ್ನೇ ಮಹಡಿಗೊಂದರಂತೆ ಎರಡು ಮಾಡಬಹುದು ಅಂತ ನಿಮ್ಮ ಕಾಂಟ್ರಾಕ್ಟರ್ ಹೇಳಬಹುದು. ಕೆಳಗಿನ ಭಾಗಕ್ಕೆ ನಾಲ್ಕೂವರೆ ಕೇಜಿ ಉಳಿದರೂ ಮುಚ್ಚಿದ ರೂಮಿನಲ್ಲಿ 330 ಗ್ರಾಂ ಆಯಿತು. 420 ದಾಟುವುದಿಲ್ಲ, ಆದರೆ 210ರ ಒಳಗೂ ಇಲ್ಲ. ಕಟ್ಟಿದ ಮನೆಯಲ್ಲಿ ಅಷ್ಟು ಖರ್ಚು ಮಾಡಿ ಅರ್ಧ ಫಲ ಯಾಕೆ? ಇದು ಡ್ರಾಯಿಂಗ್ ಹಂತದಲ್ಲಿರುವವರಿಗೆ ಒಳ್ಳೆಯ ದಾರಿ.

ಇನ್ನು ಡಿಟೆಕ್ಟರ್. ಸಾಕಾ ಅಂತ ಕೇಳಿದಿರಿ. ನಿಮ್ಮ ಮಾವನವರಿಗೆ ಸಾಲದು. ಡಿಟೆಕ್ಟರ್ ಗ್ಯಾಸನ್ನು ಒಂದು ಗ್ರಾಂ ಕೂಡ ಕಮ್ಮಿ ಮಾಡುವುದಿಲ್ಲ, ಕೂಗುತ್ತದೆ ಅಷ್ಟೇ. ಕೂಗು ಕೇಳಿ, ಎದ್ದು, ಬಾಗಿಲು ತೆಗೆದು ಹೋಗಬಲ್ಲವರಿಗೆ ಅದು ರಕ್ಷಣೆ. ಕೇಳದವರಿಗೆ ಗೋಡೆಯ ಮೇಲಿನ ಡಬ್ಬಿ. ಲೂವರ್ ಹಾಕಿದ ಮೇಲೆ ಇನ್ನೊಂದು ಪದರ ಇರಲಿ ಅಂದರೆ ಧಾರಾಳವಾಗಿ ಹಾಕಿಸಿ, ಆದರೆ ಸರಿಯಾಗಿ.

ಅಡುಗೆಮನೆಯ ಎಲ್‌ಪಿಜಿ ಡಿಟೆಕ್ಟರ್ ತಂದು ಹಾಕಿದವರನ್ನು ನೋಡಿದ್ದೇನೆ. ಅದನ್ನು ಈ ಗ್ಯಾಸಿಗೆಂದು ಮಾಡಿಲ್ಲ, ನಂಬುವ ಹಾಗಿಲ್ಲ. ಆರ್-410ಎಗೆ ಅಂತ ಬರೆದಿರುವ ಇನ್‌ಫ್ರಾರೆಡ್ ಸೆನ್ಸರ್ ಕೇಳಿ. ಅಗ್ಗದ ಸೆಮಿಕಂಡಕ್ಟರ್ ಸೆನ್ಸರ್ ಡಿಯೋ, ಸ್ಯಾನಿಟೈಜರ್, ಪೇಂಟ್ ವಾಸನೆಗೂ ಕೂಗಿಕೊಳ್ಳುತ್ತದೆ. ನಾಲ್ಕು ಸಲ ಸುಮ್ನೆ ಕೂಗಿದರೆ ಐದನೇ ಸಲ ಯಾರೋ ಪ್ಲಗ್ ಕಿತ್ತುಬಿಡುತ್ತಾರೆ. ಜಾಗ ನೆಲದಿಂದ ಒಂದಡಿ ಎತ್ತರ, ಹಾಸಿಗೆಯ ಮಟ್ಟಕ್ಕಿಂತ ಕೆಳಗೆ, ತಲೆದಿಂಬಿನ ಕಡೆ. ಪರದೆಯ ಹಿಂದೆ ಬೇಡ, ಬಾಗಿಲ ಸಂದಿನ ಎದುರೂ ಬೇಡ. ಸೀಲಿಂಗಿಗೆ ಹಾಕುತ್ತೇವೆ ಅಂದರೆ ಅವರಿಗೆ ಕೆಲಸ ಗೊತ್ತಿಲ್ಲ ಅಂತ ಅರ್ಥ. ಸುಮಾರು 1000 ಪಿಪಿಎಂಗೆ ಕೂಗುವ ಹಾಗೆ ಹೊಂದಿಸಿದರೆ ಅಪಾಯದ ಮಿತಿಯಾದ 14 ಶೇಕಡಾ, ಅಂದರೆ 1,40,000 ಪಿಪಿಎಂಗಿಂತ ಬಹಳ ಮುಂಚೆಯೇ ಎಚ್ಚರ ಸಿಗುತ್ತದೆ. ಲೈನನ್ನು ಇನ್ವರ್ಟರ್‌ನಿಂದ ಕೊಡಿ. ಹೂಟರ್ ರೂಮಿನಲ್ಲಿ ಒಂದು, ನೀವು ಮಲಗುವ ಕಡೆ ಇನ್ನೊಂದು ಇರಲಿ. ಎದ್ದು ಓಡಿ ಬರಬೇಕಾದವರು ನೀವು. ವರ್ಷಕ್ಕೊಮ್ಮೆ ಟೆಸ್ಟ್ ಗ್ಯಾಸ್ ತೋರಿಸಿ ಕೂಗುತ್ತದಾ ನೋಡಿಸಬೇಕು.

ಡಿಟೆಕ್ಟರ್ ಜೊತೆಗೆ ತಾನಾಗಿ ಮುಚ್ಚುವ ವಾಲ್ವ್ ಹಾಕಬಹುದು. ಆಗ ಲೆಕ್ಕ ನಿಜಕ್ಕೂ ಬದಲಾಗುತ್ತದೆ, ವಾಲ್ವಿನಿಂದ ಆಚೆಗಿನ ಸ್ವಲ್ಪ ಗ್ಯಾಸು ಮಾತ್ರ ರೂಮಿಗೆ ಬರುತ್ತದೆ. ಆದರೆ ಲಿಕ್ವಿಡ್ ಪೈಪಿಗೆ ಒಂದು, ದಪ್ಪ ಗ್ಯಾಸ್ ಪೈಪಿಗೆ ಒಂದು, ಎರಡೂ ಬೇಕು. ಎರಡೂ ರೂಮಿನ ಆಚೆ ಇರಬೇಕು, ಕರೆಂಟ್ ಹೋದರೆ ತಾವಾಗಿ ಮುಚ್ಚಿಕೊಳ್ಳಬೇಕು. ಲಿಕ್ವಿಡ್ ಕಡೆ ಒಂದೇ ಸೊಲೆನಾಯ್ಡ್ ವಾಲ್ವ್ ಹಾಕಿ ಬಿಲ್ ಮಾಡಿದರೆ ದಪ್ಪ ಪೈಪಿನಿಂದ ಗ್ಯಾಸು ಹಿಂದಕ್ಕೆ ಬರುತ್ತಲೇ ಇರುತ್ತದೆ. ನಿಮ್ಮ ಯಂತ್ರದ ಕಂಪನಿ ಒಪ್ಪಿದ ಕಿಟ್ ಇದ್ದರೆ ಮಾತ್ರ ಇದಕ್ಕೆ ಕೈ ಹಾಕಿ.

ಅಲಾರಂ ಕೂಗಿತು, ಅಥವಾ ಬುಸ್ ಅಂತ ಸದ್ದು, ಬಿಳಿ ಮಂಜು ಕಾಣಿಸಿತು ಅಂದುಕೊಳ್ಳಿ. ಮೊದಲು ಬಾಗಿಲು ಪೂರ್ತಿ ತೆಗೆದು ಮಾವನವರನ್ನು ಎಬ್ಬಿಸಿ ಆಚೆ ಕರೆದುಕೊಂಡು ಬನ್ನಿ. ಬೆಂಕಿಯ ಹೊಗೆಯಲ್ಲಿ ಬಗ್ಗಿ ತೆವಳಬೇಕು ಅಂತ ಕಲಿತಿದ್ದೇವೆ. ಇಲ್ಲಿ ಅದು ಉಲ್ಟಾ. ಗ್ಯಾಸು ಕೆಳಗಿರುತ್ತದೆ, ನಿಂತೇ ನಡೆಯಿರಿ. ಮೂಗು, ಬಾಯಿ ಮಂಚದ ಮಟ್ಟಕ್ಕಿಂತ ಮೇಲಿರಲಿ. ಫೋನು, ಕನ್ನಡಕಕ್ಕೆ ಅಂತ ಮತ್ತೆ ಒಳಗೆ ಹೋಗಬೇಡಿ. ಮಂಜು ಚಿಮ್ಮುವ ಜಾಗಕ್ಕೆ ಬಟ್ಟೆ ತುರುಕಲು ಹೋಗಬೇಡಿ. ಆ ದ್ರವ ಮೈನಸ್ 51 ಡಿಗ್ರಿಯಲ್ಲಿ ಕುದಿಯುತ್ತದೆ, ಚರ್ಮ ಸುಟ್ಟ ಹಾಗಾಗುತ್ತದೆ. ಆಮೇಲೆ ಹಾಲಿನ ಕಿಟಕಿಗಳನ್ನೆಲ್ಲ ತೆಗೆಯಿರಿ. ಔಟ್‌ಡೋರಿನ ಎಂಸಿಬಿ ಆ ರೂಮಿನ ಆಚೆ ಇದ್ದರೆ ಆಫ್ ಮಾಡಿ. ಒಲೆ, ದೇವರ ಮನೆಯ ದೀಪ ಉರಿಯುತ್ತಿದ್ದರೆ ಆರಿಸಿ. ಆರ್-410ಎಗೆ ಬೆಂಕಿ ಹತ್ತುವುದಿಲ್ಲ, ಆದರೆ ಉರಿಯೊಳಗೆ ಹಾದರೆ ಒಡೆದು ಗಂಟಲು ಸುಡುವ, ಘಾಟಿನ ಆಮ್ಲದ ಆವಿ ಆಗುತ್ತದೆ. ಯಾರಿಗಾದರೂ ತಲೆ ಸುತ್ತು, ಎದೆ ಬಡಿತ ಏರುಪೇರಾದರೆ 108ಕ್ಕೆ ಫೋನ್ ಮಾಡಿ, ಎಸಿ ಗ್ಯಾಸ್ ಉಸಿರಾಡಿದ್ದಾರೆ ಅಂತ ಡಾಕ್ಟರಿಗೆ ತಪ್ಪದೆ ಹೇಳಿ. ಜಾಸ್ತಿ ಪ್ರಮಾಣದಲ್ಲಿ ಈ ಗ್ಯಾಸು ಹೃದಯದ ಲಯ ಕೆಡಿಸಬಲ್ಲದು, ಔಷಧ ಆಯ್ಕೆಗೆ ಅವರಿಗೆ ಆ ಮಾಹಿತಿ ಬೇಕು.

ಲೀಕ್ ಆದ ಮೇಲೆ "ಟಾಪ್‌ಅಪ್ ಮಾಡಿ ಹೋಗ್ತೀವಿ" ಅಂದರೆ ಒಪ್ಪಬೇಡಿ. ತೂತು ಹುಡುಕಿ ಮುಚ್ಚಿದ ಮೇಲೆ ನೈಟ್ರೋಜನ್ ಹಾಕಿ ಸುಮಾರು 600 ಪಿಎಸ್‌ಐ ಒತ್ತಡದಲ್ಲಿ 24 ಗಂಟೆ ನಿಲ್ಲಿಸಬೇಕು. ಗೇಜ್ ಓದಿದ ಹೊತ್ತಿನ ಉಷ್ಣಾಂಶವನ್ನೂ ಬರೆದಿಡಲು ಹೇಳಿ. ಮಧ್ಯಾಹ್ನ 30 ಡಿಗ್ರಿ ಇದ್ದು ಬೆಳಗಿನ ಜಾವ 20 ಆದರೆ ಲೀಕ್ ಇಲ್ಲದೆಯೂ ಸುಮಾರು 20 ಪಿಎಸ್‌ಐ ಇಳಿಯುತ್ತದೆ. ಆ ಲೆಕ್ಕ ಬಿಟ್ಟು ಇನ್ನೂ ಇಳಿದಿದ್ದರೆ ತೂತು ಉಳಿದಿದೆ. ಆಮೇಲೆ ವ್ಯಾಕ್ಯೂಮ್, ಆಮೇಲೆ ತಕ್ಕಡಿಯ ಮೇಲಿಟ್ಟು ತೂಕ ಮಾಡಿದ ಗ್ಯಾಸು.

ನಿಮ್ಮಲ್ಲಿ ಈಗ ಲೀಕ್ ಇದೆ ಅನ್ನುವ ಲಕ್ಷಣ ಯಾವುದೂ ಪತ್ರದಲ್ಲಿ ಕಾಣಲಿಲ್ಲ. ಲೂವರ್ ಆಗುವ ತನಕ ಮಾವನವರ ಬಾಗಿಲನ್ನು ರಾತ್ರಿ ಪೂರ್ತಿ ತೆಗೆದಿಡಿ, ಗಾಳಿಗೆ ಮುಚ್ಚಿಕೊಳ್ಳದ ಹಾಗೆ ಮ್ಯಾಗ್ನೆಟ್ ಸ್ಟಾಪರ್ ಹಾಕಿ. ಬಾಗಿಲು ತೆರೆದಿದ್ದರೆ ನಿಮ್ಮ ಲೆಕ್ಕ ಈಗಲೇ 145. ಕಾಂಟ್ರಾಕ್ಟರ್ ಬಂದಾಗ ಸ್ಟಿಕ್ಕರಿನ ಎರಡು ಖಾಲಿ ಖಾನೆ ತುಂಬಿಸಿ ಸಹಿ ಹಾಕಿಸಿಕೊಳ್ಳಿ. ಮೊತ್ತ 9.8ರ ಬದಲು 14 ಕೇಜಿ ದಾಟಿದ್ದರೆ ನನಗೆ ಮತ್ತೆ ಬರೆಯಿರಿ. ಆಗ ಹಾಲು ಸೇರಿಸಿಕೊಂಡರೂ 210ರ ಒಳಗೆ ಬರುವುದಿಲ್ಲ, ಮೊದಲ ದಾರಿಯನ್ನೇ ಹಿಡಿಯಬೇಕಾಗುತ್ತದೆ.